ಹೌಸ್‌ಕೀಪಿಂಗ್ ವೆಂಡರ್ ಒಪ್ಪಂದ ಮುಗಿಸುವಾಗ ನೋಟಿಸ್ ಪತ್ರದಲ್ಲಿ ಏನಿರಬೇಕು, ಏನಿರಬಾರದು

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಡ್ಮಿನ್ ವಿಭಾಗ ನೋಡಿಕೊಳ್ಳುತ್ತೇನೆ. ಕ್ಯಾಂಟೀನ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಎಲ್ಲ ಹೊರಗಿನ ವೆಂಡರ್‌ಗಳದ್ದು. ಇದರಲ್ಲಿ ಹೌಸ್‌ಕೀಪಿಂಗ್ ವೆಂಡರ್ ಜೊತೆಗಿನ ಒಪ್ಪಂದ ಮುಗಿಸಬೇಕಾಗಿ ಬಂತು. ಆಗ ಪಾಲಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಮಸ್ಯೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಗ್ರಿಮೆಂಟ್ ಪ್ರಕಾರ ದಿನಕ್ಕೆ 24 ಜನ ಬರಬೇಕು, ಬರುತ್ತಿದ್ದದ್ದು 17-18. ಸಂಬಳ ತಡವಾಗುತ್ತಿದ್ದರಿಂದ ಪಳಗಿದ ಕೆಲಸಗಾರರು ಬಿಟ್ಟು ಹೋಗುತ್ತಿದ್ದರು. ಹೊಸಬರಿಗೆ ಶಾಪ್‌ಫ್ಲೋರ್‌ನ ಎಣ್ಣೆ ಜಿಡ್ಡು ಹೇಗೆ ತೆಗೆಯಬೇಕು ಅಂತ ಹೇಳಿಕೊಡುವವರೇ ಇರಲಿಲ್ಲ. ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ ಇದನ್ನೆಲ್ಲ ಹೇಳಿದ್ದೆವು, ಮಿನಿಟ್ಸ್‌ಗೆ ಎರಡೂ ಕಡೆಯವರು ಸಹಿ ಹಾಕಿದ್ದರು. ಬಾರದವರ ಹಣ ಬಿಲ್‌ನಲ್ಲಿ ಆಯಾ ತಿಂಗಳೇ ಕಡಿತವಾಗುತ್ತಿತ್ತು. ಆದರೂ ಸುಧಾರಿಸಲಿಲ್ಲ.

ಮುಗಿಸೋಣ ಅಂತ ತೀರ್ಮಾನವಾದ ಮೇಲೆ ನಾನು ಮೊದಲು ತೆರೆದದ್ದು ಅಗ್ರಿಮೆಂಟ್. ಇಂಥ ಅಗ್ರಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಹೊರಬರಲು ಎರಡು ದಾರಿ ಇರುತ್ತವೆ. ಒಂದು, ತಪ್ಪಿನ ಕಾರಣಕ್ಕೆ ರದ್ದು ಮಾಡುವುದು. ಇದಕ್ಕೆ ಯಾವ ಷರತ್ತು ಮುರಿದಿದ್ದೀರಿ ಅಂತ ಬರೆದು ತಿಳಿಸಿ, ಸರಿಪಡಿಸಲು ಸಮಯ ಕೊಡಬೇಕು. ನಮ್ಮದರಲ್ಲಿ ಅದು 30 ದಿನ. ಅಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ರದ್ದು. ಎರಡನೆಯದು, ಯಾವ ಕಾರಣವನ್ನೂ ಕೊಡದೆ, ಇಬ್ಬರಲ್ಲಿ ಯಾರು ಬೇಕಾದರೂ 60 ದಿನದ ನೋಟಿಸ್ ಕೊಟ್ಟು ಮುಗಿಸುವುದು.

ನಾವು ಎರಡನೆಯದನ್ನೇ ಆರಿಸಿಕೊಂಡೆವು. "ತಪ್ಪು ಅವರದ್ದೇ ಇರುವಾಗ ಸುಮ್ನೆ ಯಾಕೆ ಬಿಡಬೇಕು?" ಅಂತ ಪ್ರೊಡಕ್ಷನ್ ಮ್ಯಾನೇಜರ್ ಕೇಳಿದರು. ಕೋಪ ನ್ಯಾಯವಾದದ್ದೇ. ಆದರೆ ತಪ್ಪು ಅಂತ ಬರೆದ ಕ್ಷಣ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ತಲೆಗೆ ಬರುತ್ತದೆ. ವೆಂಡರ್ ಉತ್ತರ ಬರೆಯುತ್ತಾರೆ, ನೀವೂ ಬಿಲ್ ತಡ ಮಾಡಿದಿರಿ ಅನ್ನುತ್ತಾರೆ, ವಾದ ಬೆಳೆಯುತ್ತದೆ. ನಮಗೆ ಬೇಕಾಗಿದ್ದದ್ದು ಸರಿಯಾದ ಹೌಸ್‌ಕೀಪಿಂಗ್, ಗೆಲುವಲ್ಲ. ಮೇಲಾಗಿ ನೋಟಿಸ್ ಕೊಟ್ಟ ಮೇಲೂ ಎರಡು ತಿಂಗಳು ಇದೇ ವೆಂಡರ್ ಜನವೇ ನಮ್ಮ ಟಾಯ್ಲೆಟ್, ಕ್ಯಾಂಟೀನ್ ತೊಳೆಯಬೇಕು, ಅಲ್ವಾ?

ಎಲ್ಲಕ್ಕಿಂತ ಅಪಾಯದ ಪತ್ರ ಎರಡೂ ದಾರಿಗಳನ್ನು ಬೆರೆಸಿದ್ದು. "ನಿಮ್ಮ ಕಳಪೆ ಸೇವೆಯಿಂದಾಗಿ 60 ದಿನದ ನೋಟಿಸ್ ಕೊಡುತ್ತಿದ್ದೇವೆ" ಅಂತ ಒಂದೇ ವಾಕ್ಯದಲ್ಲಿ ಬರೆದರೆ, "ಇದು ತಪ್ಪಿನ ಕಾರಣದ ರದ್ದತಿ, ನನಗೆ ಸರಿಪಡಿಸಿಕೊಳ್ಳಲು ಸಮಯವೇ ಕೊಟ್ಟಿಲ್ಲ" ಅಂತ ವೆಂಡರ್ ವಾದಿಸಬಹುದು. ಹಾಗಾಗಿ ಅಗ್ರಿಮೆಂಟ್‌ನ ಒಂದೇ ಕಲಮು ಹಿಡಿಯಬೇಕು, ಕಾರಣ ಬರೆಯಬಾರದು.

ಹಾಗಂತ ಈ ದಾರಿ ಎಲ್ಲ ಕಡೆಗೂ ಸಲ್ಲುವುದಿಲ್ಲ. ಕಾರಣವಿಲ್ಲದೆ ಮುಗಿಸುವ ಕಲಮೇ ಇಲ್ಲದಿದ್ದರೆ, ಒಪ್ಪಂದ ಮುಗಿಸುವಂತಿಲ್ಲ ಅಂತ ಮೊದಲೇ ಒಪ್ಪಿಕೊಂಡ ಲಾಕ್-ಇನ್ ಅವಧಿ ಇನ್ನೂ ಮುಗಿದಿಲ್ಲದಿದ್ದರೆ ಇದು ಆಗದು. ಕೆಲಸಗಾರರ ಪಿಎಫ್ ಕಟ್ಟದೆ ನಕಲಿ ಚಲನ್ ಕೊಟ್ಟಂಥ ಪ್ರಕರಣಗಳಲ್ಲಿ 60 ದಿನ ಕಾಯುವುದೂ ಸರಿಯಲ್ಲ. ಅಲ್ಲಿ ವಕೀಲರ ಜೊತೆ ಕೂತು ಮೊದಲನೇ ದಾರಿಯನ್ನೇ ಹಿಡಿಯಬೇಕು.

ಇನ್ನು ದಿನಾಂಕದ ಲೆಕ್ಕ. ನಮಗೆ ಮಾರ್ಚ್ 31 ಕೊನೆಯ ದಿನವಾಗಬೇಕಿತ್ತು. ತಿಂಗಳ ಕೊನೆಗೆ ಮುಗಿದರೆ ಹಾಜರಿ, ಸಂಬಳ, ಪಿಎಫ್ ಎಲ್ಲ ಪೂರ್ತಿ ತಿಂಗಳ ಲೆಕ್ಕಕ್ಕೆ ಬರುತ್ತದೆ, ಅರ್ಧ ತಿಂಗಳ ಬಿಲ್ ಜಗಳ ಇರುವುದಿಲ್ಲ. 60 ದಿನ ಎಣಿಸುವುದು ಪತ್ರದ ಮೇಲಿನ ತಾರೀಖಿನಿಂದಲೋ ಅದು ಕೈಸೇರಿದ ದಿನದಿಂದಲೋ ಅಂತ ಅಗ್ರಿಮೆಂಟ್‌ನಲ್ಲಿ ನೋಡಬೇಕು. ನಮ್ಮದರಲ್ಲಿ ಕೈಸೇರಿದ ದಿನದಿಂದ. ಪತ್ರ ಜನವರಿ 27ಕ್ಕೆ ತಲುಪಿದರೆ 60 ದಿನ ಮಾರ್ಚ್ 28ಕ್ಕೆ ತುಂಬುತ್ತದೆ, ಮಾರ್ಚ್ 31 ಕ್ಷೇಮ. ಅದೇ ಪತ್ರ ಜನವರಿ 30ಕ್ಕೆ ಹೊರಟು ಫೆಬ್ರವರಿ 2ಕ್ಕೆ ತಲುಪಿದರೆ ಏಪ್ರಿಲ್ 3 ಆಗುತ್ತದೆ, ನೋಟಿಸ್ ಮೂರು ದಿನ ಕಡಿಮೆ ಬೀಳುತ್ತದೆ. ಅದಕ್ಕೇ ಪತ್ರವನ್ನು ಕೈಯಲ್ಲೇ ಕೊಟ್ಟು, ಎರಡನೇ ಪ್ರತಿಗೆ ತಾರೀಖಿನ ಸಮೇತ ಸಹಿ, ಸೀಲು ಹಾಕಿಸಿಕೊಂಡೆವು. ಅಗ್ರಿಮೆಂಟ್‌ನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆವು. ವಾಟ್ಸಾಪ್ ಮೆಸೇಜ್ ಒಂದನ್ನೇ ನಂಬಿಕೊಂಡು ಕೂರಬೇಡಿ.

ಪತ್ರ ಕೊಡುವ ಮೊದಲು ನಾನು ವೆಂಡರ್ ಸಂಸ್ಥೆಯ ಮಾಲೀಕರಿಗೆ ಫೋನ್ ಮಾಡಿದೆ. ವರ್ಷಗಟ್ಟಲೆ ಜೊತೆಗಿದ್ದವರಿಗೆ ಈ ಸುದ್ದಿ ಲಕೋಟೆಯಿಂದ ಗೊತ್ತಾಗುವುದು ನನಗೆ ಸರಿ ಅನಿಸುವುದಿಲ್ಲ. "ಏನ್ ತಪ್ಪಾಯ್ತು ಮೇಡಂ, ಇನ್ನೊಂದು ಅವಕಾಶ ಕೊಡಿ" ಅಂದರು. "ಸರ್, ರಿವ್ಯೂಗಳಲ್ಲಿ ಎಲ್ಲ ಮಾತಾಡಿದ್ದೀವಿ. ಈಗ ಮ್ಯಾನೇಜ್‌ಮೆಂಟ್ ತೀರ್ಮಾನ ಆಗಿದೆ. ಕೊನೇ ದಿನದವರೆಗೆ ನಿಮ್ಮ ಬಿಲ್‌ಗೆ ನಮ್ಮ ಕಡೆಯಿಂದ ತಡ ಆಗದ ಹಾಗೆ ನಾನು ನೋಡ್ಕೋತೀನಿ" ಅಂದೆ. ಹಳೆಯ ದೂರುಗಳನ್ನು ಮತ್ತೆ ತೆಗೆಯಲಿಲ್ಲ. ಇನ್ನೊಂದು ಅವಕಾಶದ ಆಸೆಯನ್ನೂ ಹುಟ್ಟಿಸಲಿಲ್ಲ.

ಪತ್ರದ ಸಾರಾಂಶ ಇಷ್ಟೇ ಇತ್ತು:

"ನಮ್ಮ ನಡುವಿನ ಹೌಸ್‌ಕೀಪಿಂಗ್ ಸೇವಾ ಒಪ್ಪಂದದ ನೋಟಿಸ್ ಕಲಮಿನ ಪ್ರಕಾರ, ಈ ಒಪ್ಪಂದವನ್ನು ಮಾರ್ಚ್ 31ರ ಕೆಲಸದ ಅವಧಿ ಮುಗಿದ ನಂತರ ಕೊನೆಗೊಳಿಸಲು ನಿರ್ಧರಿಸಿದ್ದೇವೆ. ಇದನ್ನು 60 ದಿನಗಳ ನೋಟಿಸ್ ಎಂದು ಪರಿಗಣಿಸಬೇಕಾಗಿ ಕೋರುತ್ತೇವೆ. ಅಲ್ಲಿಯವರೆಗೆ ಎರಡೂ ಕಡೆಯ ಹಕ್ಕು, ಹೊಣೆಗಳು ಹಾಗೆಯೇ ಮುಂದುವರಿಯುತ್ತವೆ. ಹಸ್ತಾಂತರದ ವಿವರಗಳನ್ನು ಜೊತೆಗಿನ ಪಟ್ಟಿಯಲ್ಲಿ ಕೊಟ್ಟಿದ್ದೇವೆ. ಇದುವರೆಗಿನ ನಿಮ್ಮ ಸೇವೆಗೆ ಧನ್ಯವಾದಗಳು."

"ವಿಷಾದದಿಂದ", "ಅನಿವಾರ್ಯವಾಗಿ" ಅನ್ನುವ ಮಾತುಗಳನ್ನೂ ಬಿಟ್ಟೆ. ಅವು ಹಿಂದಿರುವ ಕಾರಣವನ್ನು ಕೇಳುವಂತೆ ಮಾಡುತ್ತವೆ. ಧನ್ಯವಾದ ಮಾತ್ರ ನಿಜವಾದದ್ದು. ಆ ಕೆಲಸಗಾರರು ಮಾಡಿದ ಕೆಲಸ ಸಣ್ಣದಲ್ಲ. ಆದರೆ "ಉತ್ತಮ ಸೇವೆ" ಅಂತ ಹೊಗಳಲಿಲ್ಲ. ಮುಂದೆ ತಗಾದೆ ಬಂದರೆ ಆ ಪದವನ್ನೇ ನಮಗೆ ತೋರಿಸುತ್ತಾರೆ.

ಹಸ್ತಾಂತರದ ಪಟ್ಟಿಯಲ್ಲಿ ಸ್ಕ್ರಬ್ಬರ್ ಮೆಷಿನ್, ವ್ಯಾಕ್ಯೂಮ್ ಕ್ಲೀನರ್ ಯಾರದ್ದು ಯಾವುದು, ಗೇಟ್‌ಪಾಸ್ ಮತ್ತು ಬೀಗದ ಕೈ ಯಾವತ್ತು ವಾಪಸ್, ಇಷ್ಟಿತ್ತು. ಮುಖ್ಯವಾದದ್ದು ಕೊನೆಯ ಬಿಲ್. ಕಂಟ್ರಾಕ್ಟರ್ ಸಂಬಳ, ಪಿಎಫ್ ಕೊಡದೆ ಹೋದರೆ ಅದರ ಹೊಣೆ ಪ್ರಧಾನ ಉದ್ಯೋಗದಾತರಾದ ನಮ್ಮ ಕಾರ್ಖಾನೆಯ ಮೇಲೆ ಬರುತ್ತದೆ. ಮಾರ್ಚ್ ತಿಂಗಳ ಪಿಎಫ್, ಇಎಸ್‌ಐ ಕಟ್ಟಲು ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಹಾಗಾಗಿ "ಸಂಬಳ ಪಾವತಿಯ ಬ್ಯಾಂಕ್ ದಾಖಲೆ ಮತ್ತು ಎರಡೂ ಚಲನ್ ಬಂದ ಮೇಲೆ ಅಂತಿಮ ಬಿಲ್ ಪಾವತಿ" ಅಂತ ಮೊದಲ ದಿನವೇ ಬರೆದು ಕೊಟ್ಟೆವು. ಇದು ಅಗ್ರಿಮೆಂಟ್‌ನಲ್ಲೂ ಇತ್ತು. ಆದರೆ ಕೊನೆಗೆ ಇದ್ದಕ್ಕಿದ್ದಂತೆ ಹಣ ತಡೆದರೆ ಶಿಕ್ಷೆ ಅನಿಸುತ್ತದೆ, ಮೊದಲೇ ಹೇಳಿದರೆ ಅದು ಬರೀ ಕ್ರಮ.

ಕೆಲಸಗಾರರ ಬಗ್ಗೆಯೂ ಒಂದು ಸಾಲು ಹಾಕಿದ್ದೆ. ಅವರಲ್ಲಿ ಹಲವರು ಹೊಸ ವೆಂಡರ್ ಹತ್ತಿರ ಸೇರಿ ಇಲ್ಲೇ ಉಳಿಯುವವರಿದ್ದರು. ಹಳೆಯ ವೆಂಡರ್ ಇಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಖು ಹಾಕದಿದ್ದರೆ ಅವರ ಪಿಎಫ್ ವರ್ಗಾವಣೆ ಸಿಕ್ಕಿಹಾಕಿಕೊಳ್ಳಬಹುದು. ಆಮೇಲೆ ಆಫೀಸಿಂದ ಆಫೀಸಿಗೆ ಅಲೆಯುವುದು ಆ ಬಡ ಹೆಂಗಸರೇ. ಆ ತಾರೀಖು ಹಾಕಿದ ಪಟ್ಟಿಯನ್ನೂ ಅಂತಿಮ ಬಿಲ್‌ನ ದಾಖಲೆಗಳಲ್ಲಿ ಸೇರಿಸಿದೆವು.

ನೋಟಿಸ್ ಅವಧಿಯಲ್ಲಿ ಹಾಜರಿ ಇನ್ನೂ ಒಂದಿಷ್ಟು ಕುಸಿಯಿತು, ನಿರೀಕ್ಷಿಸಿದ್ದೇ. ಮೊದಲಿನಂತೆಯೇ ಕಡಿತ ಮಾಡಿ, ಉಳಿದ ಹಣ ಸಮಯಕ್ಕೆ ಕೊಟ್ಟೆವು. ಮಾರ್ಚ್‌ನ ಕೊನೆಯ ವಾರ ಹೊಸ ಸೂಪರ್‌ವೈಸರ್ ಹಳಬರ ಜೊತೆ ಓಡಾಡಿ ಜಾಗಗಳನ್ನೆಲ್ಲ ನೋಡಿಕೊಂಡರು. ಚಲನ್‌ಗಳು ಬಂದ ಮೇಲೆ ಅಂತಿಮ ಬಿಲ್, ಭದ್ರತಾ ಠೇವಣಿ ಎರಡನ್ನೂ ಕೊಟ್ಟು, ಯಾರಿಗೂ ಯಾರ ಬಾಕಿಯೂ ಇಲ್ಲ ಅನ್ನುವ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಫೈಲ್ ಮುಚ್ಚಿದೆವು.