ಸ್ಪ್ರಿಂಗ್ ಮಾಡೆಲ್‌ನಲ್ಲಿ 3.5 ಮಿಮೀ ಎಲ್ಲಿ ಹೋಯ್ತು?

ನನ್ನ ಕೆಲಸದಲ್ಲಿ ಬೇರೆಯವರು ಮಾಡಿದ ಮಾಡೆಲ್‌ಗಳನ್ನು ಚೆಕ್ ಮಾಡುವುದೇ ಜಾಸ್ತಿ. ಕಂಪ್ರೆಶನ್ ಸ್ಪ್ರಿಂಗ್ ಬಂದರೆ ನಾನು ಮೊದಲು ಅಳೆಯುವುದು ಎರಡು ತುದಿಗಳ ಚಪ್ಪಟೆ ಮುಖಗಳ ನಡುವಿನ ಉದ್ದವನ್ನು. ಸುತ್ತುಗಳು ಸರಿ, ತಂತಿ ಸರಿ, ನೋಡೋಕೂ ಚೆನ್ನಾಗಿದೆ. ಆದರೆ ಡ್ರಾಯಿಂಗ್‌ನಲ್ಲಿರುವ ಫ್ರೀ ಲೆಂತ್ ಮಾತ್ರ ಬಂದಿರುವುದಿಲ್ಲ.

ಒಂದು ಲೆಕ್ಕ ಹಿಡಿದು ನೋಡೋಣ. ತಂತಿ 3 ಮಿಮೀ, ಮೀನ್ ಡಯಾ 20, ಒಟ್ಟು 8 ಸುತ್ತು. ಎರಡೂ ತುದಿಯಲ್ಲಿ ಒಂದೊಂದು ಸುತ್ತು ಮುಚ್ಚಿ ಗ್ರೈಂಡ್ ಮಾಡಿದೆ, ಹಾಗಾಗಿ ಕೆಲಸ ಮಾಡುವ ಸುತ್ತು 6. ಫ್ರೀ ಲೆಂತ್ 50. ಎಲ್ಲರೂ ಬಳಸುವ ಸೂತ್ರ L = p×6 + 2d. ಅದರಿಂದ ಪಿಚ್ 7.33 ಬರುತ್ತದೆ. ಇದನ್ನು ಸಾಲಿಡ್‌ವರ್ಕ್ಸ್‌ನ Helix/Spiral ನಲ್ಲಿ Variable pitch ಆರಿಸಿ ಕೆಳಗಿನ ಟೇಬಲ್‌ನಂತೆ ಹಾಕಿ, ತುದಿಗಳನ್ನು ಗ್ರೈಂಡ್ ಮಾಡಿದಂತೆ ಕತ್ತರಿಸಿದರೆ ಉದ್ದ ಸುಮಾರು 46.5 ಬರುತ್ತದೆ. ಸೂತ್ರ ತಪ್ಪಲ್ಲ. ಅದು ಊಹಿಸಿಕೊಂಡ ಸ್ಪ್ರಿಂಗ್ ಬೇರೆ, ನಾವು ಬರೆದ ಸ್ಪ್ರಿಂಗ್ ಬೇರೆ.

ನಾನು ಕೊಡುವ ಟೇಬಲ್ ಹೀಗಿರುತ್ತದೆ:

```
Rev   P
0     3.05
1     3.05
1.5   p
6.5   p
7     3.05
8     3.05
```

ತುದಿಯ ಸುತ್ತಿಗೆ 3 ಅಲ್ಲ, 3.05 ಯಾಕೆ ಅಂದರೆ, ಪಿಚ್ ತಂತಿಯಷ್ಟೇ ಆದರೆ ಅಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಹೆಲಿಕ್ಸ್ ಓರೆಯಾಗಿ ಹೋಗುವುದರಿಂದ ನಿಜವಾದ ಅಂತರ ಇನ್ನೂ ಒಂದು ಕೂದಲು ಕಡಿಮೆಯೇ, ಅಂದರೆ ಮೇಲ್ಮೈಗಳು ಒಂದರೊಳಗೊಂದು ನುಗ್ಗುತ್ತವೆ. ಆಗ ಸ್ವೀಪ್ ಮುರಿಯುತ್ತದೆ, ಇಲ್ಲವೇ ಕೆಟ್ಟ ಬಾಡಿ ಬರುತ್ತದೆ. 0.05 ಮಿಮೀ ಸಂದು ಕಣ್ಣಿಗೆ ಕಾಣುವುದಿಲ್ಲ, ಸಾಫ್ಟ್‌ವೇರ್‌ಗೆ ಮಾತ್ರ ಸಾಕಾಗುತ್ತದೆ.

ಇನ್ನು 1ರಿಂದ 1.5ರವರೆಗಿನ ಅರ್ಧ ಸುತ್ತು. ಇಲ್ಲಿ ಪಿಚ್ ನಿಧಾನವಾಗಿ ಏರುತ್ತದೆ. ಕೆಲವರು ಬೇರೆ ಬೇರೆ ಪಿಚ್‌ನ ಎರಡು ಹೆಲಿಕ್ಸ್ ಬರೆದು ಜೋಡಿಸುತ್ತಾರೆ. ಸೇರುವ ಜಾಗದಲ್ಲಿ ತಂತಿಯ ದಿಕ್ಕು ಥಟ್ಟನೆ ಬದಲಾಗಿ ಮುರಿದಂತೆ ಕಾಣುತ್ತದೆ. ಏರಿಕೆ ಕೊಟ್ಟರೆ ಅದು ಇರುವುದಿಲ್ಲ. ಆದರೆ ಆ ಅರ್ಧ ಸುತ್ತು ಏರುವ ಎತ್ತರ ಎರಡು ಪಿಚ್‌ಗಳ ಸರಾಸರಿಯ ಲೆಕ್ಕದಲ್ಲಿ ಇರುತ್ತದೆ, ಪೂರ್ತಿ p ಲೆಕ್ಕದಲ್ಲಿ ಅಲ್ಲ. ಕಾಣೆಯಾದ ಉದ್ದದ ಹೆಚ್ಚಿನ ಪಾಲು ಎರಡೂ ಬದಿಯ ಈ ಏರಿಕೆಯಲ್ಲೇ ಹೋಗಿರುತ್ತದೆ.

ಉಳಿದದ್ದು ಗ್ರೈಂಡಿಂಗ್‌ನಲ್ಲಿ ಹೋಗುತ್ತದೆ. ತಂತಿಯ ತುದಿಯ ಮಧ್ಯಬಿಂದುವಿನಲ್ಲೇ ಕತ್ತರಿಸಿದರೆ ಚಪ್ಪಟೆ ಮುಖ ಅರ್ಧ ಸುತ್ತಿನಷ್ಟೇ ಸಿಗುತ್ತದೆ. ಸೂತ್ರ ಹೇಳುವುದು ಇದೇ ಸ್ಪ್ರಿಂಗನ್ನು. ಸ್ಪ್ರಿಂಗ್ ನೆಟ್ಟಗೆ ನಿಲ್ಲಬೇಕಾದರೆ ಹೆಚ್ಚುಕಡಿಮೆ ಮುಕ್ಕಾಲು ಸುತ್ತು ಚಪ್ಪಟೆ ಬೇಕು, ಅಲ್ವಾ? ಅದಕ್ಕೆ ಕತ್ತರಿಸುವ ಪ್ಲೇನನ್ನು ತಂತಿಯ ಕಾಲು ಭಾಗ, ಅಂದರೆ 0.75 ಮಿಮೀ ಒಳಕ್ಕೆ ಇಡಬೇಕು. ಆಗ ತುದಿಯಲ್ಲಿ 0.75 ದಪ್ಪ ಉಳಿಯುತ್ತದೆ, ಚಪ್ಪಟೆ ಮುಖ ಸುಮಾರು 265 ಡಿಗ್ರಿ ಹರಡುತ್ತದೆ. ಅರ್ಧಚಂದ್ರಕ್ಕಿಂತ ಉದ್ದವಾದ, ತುದಿಯಿಂದ ಶುರುವಾಗಿ ಸುತ್ತು ಮುಂದೆ ಹೋದಂತೆ ಮೊನಚಾಗಿ ಮುಗಿಯುವ ಆಕಾರ ಕಂಡರೆ ಸರಿಯಾಗಿದೆ ಅಂತ ಅರ್ಥ.

ಹಾಗಾಗಿ ಹೆಲಿಕ್ಸ್ ಎತ್ತರ 50 ಅಲ್ಲ, 51.5 ಇರಬೇಕು. ಟೇಬಲ್‌ನ ಎಲ್ಲಾ ತುಂಡುಗಳನ್ನು ಕೂಡಿಸಿದರೆ ಪಿಚ್ ಹೀಗೆ ಸಿಗುತ್ತದೆ:

```
p = (L + 2*g - 2.5*c) / (N - 2.5)
```

c ತುದಿಯ ಪಿಚ್, g ಪ್ರತಿ ತುದಿಯಲ್ಲಿ ಕತ್ತರಿಸುವ ಆಳ, N ಒಟ್ಟು ಸುತ್ತು. ನಮ್ಮ ಸ್ಪ್ರಿಂಗ್‌ಗೆ 43.875 ಭಾಗಿಸು 5.5, ಅಂದರೆ 7.977. ಏರಿಕೆ ಅರ್ಧ ಸುತ್ತು ಇದ್ದರೆ ಮಾತ್ರ ಈ 2.5 ಸರಿ. ಏರಿಕೆ ಬದಲಿಸಿದರೆ ಅದೂ ಬದಲಾಗುತ್ತದೆ.

ಸ್ವೀಪ್ ಬಗ್ಗೆ ಹೇಳೋದು ಕಡಿಮೆ. Circular Profile ಆರಿಸಿ 3 ಮಿಮೀ ಕೊಟ್ಟರೆ ಆಯಿತು, ವೃತ್ತದ ಸ್ಕೆಚ್ ಬೇಕಿಲ್ಲ. ಸ್ಕೆಚ್ಚೇ ಬೇಕೆಂದರೆ ಪ್ಲೇನ್ ಹೆಲಿಕ್ಸ್‌ಗೆ ಲಂಬವಾಗಿ ಇರಲಿ. ಅಕ್ಷ ಹಾದುಹೋಗುವ ಪ್ಲೇನ್‌ನಲ್ಲಿ ಬರೆದ ವೃತ್ತ ತಂತಿಯನ್ನು ತುಸು ಅಂಡಾಕಾರ ಮಾಡುತ್ತದೆ. ಈ ಸ್ಪ್ರಿಂಗ್‌ನಲ್ಲಿ ಅದು ಲೆಕ್ಕಕ್ಕಿಲ್ಲ, ಪಿಚ್ ದೊಡ್ಡದಿದ್ದರೆ ಅಳತೆಗೆ ಸಿಗುತ್ತದೆ.

ಅಸೆಂಬ್ಲಿಯಲ್ಲಿ ಇದೇ ಸ್ಪ್ರಿಂಗ್ 35 ಮಿಮೀಗೆ ಒತ್ತಿಕೊಂಡು ಕೂರುವುದಾದರೆ ಸ್ಕೇಲ್ ಮಾಡಬೇಡಿ, ತಂತಿಯೂ ಚಪ್ಪಟೆಯಾಗುತ್ತದೆ. ಇನ್ನೊಂದು ಕಾನ್ಫಿಗರೇಶನ್ ಮಾಡಿ, L ಜಾಗಕ್ಕೆ 35 ಹಾಕಿ. p 5.25 ಆಗುತ್ತದೆ, ತುದಿಗಳು ಹಾಗೇ ಇರುತ್ತವೆ. ತಂತಿಯ ಉದ್ದ ಬದಲಾಗದ ಕಾರಣ ನಿಜವಾದ ಸ್ಪ್ರಿಂಗ್ ಒತ್ತಿದಾಗ ಡಯಾ ಸುಮಾರು 0.1 ಮಿಮೀ ಹಿಗ್ಗುತ್ತದೆ. ಸ್ಪ್ರಿಂಗ್ ಬಿಗಿಯಾದ ಬೋರ್ ಒಳಗೆ ಕೂರುವಂತಿದ್ದರೆ ಆ ಕಾನ್ಫಿಗರೇಶನ್‌ನಲ್ಲಿ ಡಯಾ ಕೂಡ 20.1 ಮಾಡಿಕೊಳ್ಳಿ.