ಪಾಯಿಂಟ್ ಎಂಟು

"ಅಕ್ಕಾ, ಮಾರ್ಫಿನ್ ಎಳೆದಿದ್ದೀನಿ, ಪಾಯಿಂಟ್ ಎಂಟು. ಸರಿ ಇದೆ ಅಲ್ವಾ? ಒಂದು ಸೈನ್ ಹಾಕಿ."

ಮೊನ್ನೆ ರಾತ್ರಿ ಡ್ಯೂಟಿಯಲ್ಲಿ ಜೊತೆಗಿದ್ದ ನರ್ಸ್ ಹುಡುಗಿ ಹೇಳಿದ ಈ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಆಪರೇಷನ್ ಆದ ಮಗು, ತೂಕ 8 ಕೆ.ಜಿ. ನೋವಿಗೆ ಅಂತ ಕೆ.ಜಿ.ಗೆ 0.1 ಮಿ.ಗ್ರಾಂ ಲೆಕ್ಕದಲ್ಲಿ ಡಾಕ್ಟರು ಬರೆದದ್ದು 0.8 ಮಿ.ಗ್ರಾಂ. ನನ್ನ ತಲೆಯಲ್ಲಿದ್ದದ್ದೂ ಪಾಯಿಂಟ್ ಎಂಟು, ಅವಳು ಹೇಳಿದ್ದೂ ಪಾಯಿಂಟ್ ಎಂಟು. ಪೆನ್ನು ತೆಗೆದೇಬಿಟ್ಟಿದ್ದೆ.

ಆಮೇಲೆ ಸುಮ್ಮನೆ, "ಆಂಪೂಲ್ ಕೊಡು" ಅಂದೆ. ಲೇಬಲ್ ಮೇಲೆ 1 ಮಿ.ಲೀ.ಗೆ 10 ಮಿ.ಗ್ರಾಂ ಅಂತಿತ್ತು. ಬೇರೆ ಚೀಟಿಯಲ್ಲಿ ನಾನೇ ಲೆಕ್ಕ ಹಾಕಿದೆ: 0.8 ಭಾಗಿಸು 10, ಬಂದದ್ದು 0.08 ಮಿ.ಲೀ. ಸಿರಿಂಜಿನಲ್ಲಿದ್ದದ್ದು 0.8 ಮಿ.ಲೀ. ಅಂದರೆ 8 ಮಿ.ಗ್ರಾಂ, ಹತ್ತು ಪಟ್ಟು. ಆ ಮಗುವಿನ ಉಸಿರು ನಿಲ್ಲಿಸಲು ಅಷ್ಟು ಸಾಕು.

ಆ ಹುಡುಗಿ ಬೇಜವಾಬ್ದಾರಿಯವಳಲ್ಲ, ನಮ್ಮ ವಾರ್ಡಿನಲ್ಲಿ ಅವಳಷ್ಟು ಶ್ರದ್ಧೆ ಇರುವವರು ಕಡಿಮೆ. ನೋಡದೆ ಸೈನ್ ಹಾಕುವ ಹಳಬರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ದೊಡ್ಡವರ ಡೋಸಿನಲ್ಲಿ ಹತ್ತು ಪಟ್ಟು ತಪ್ಪಾದರೆ ನಾಲ್ಕೈದು ಆಂಪೂಲ್ ಒಡೆಯಬೇಕಾಗುತ್ತದೆ, ಕೈ ತಾನಾಗಿ ತಡೆಯುತ್ತದೆ. ಇಲ್ಲಿ ಒಂದು ಆಂಪೂಲೂ ಪೂರ್ತಿ ಖಾಲಿಯಾಗಿರಲಿಲ್ಲ. ಒಂದು ಮಿ.ಲೀ. ಸಿರಿಂಜಿನಲ್ಲಿ ಸರಿಯಾದ ಗೆರೆಯೂ ಇದೆ, ತಪ್ಪು ಗೆರೆಯೂ ಇದೆ. ಕಣ್ಣಿಗೆ ಎರಡೂ ಸಹಜವೇ.

ಇಬ್ಬರೂ ನೋಡುತ್ತಿದ್ದಂತೆ ಅದನ್ನು ಚೆಲ್ಲಿ ರಿಜಿಸ್ಟರಿನಲ್ಲಿ ಬರೆದೆವು. 0.08 ಮಿ.ಲೀ.ಯನ್ನು ಕರಾರುವಾಕ್ಕಾಗಿ ಎಳೆಯುವುದು ಕಷ್ಟ. ಹಾಗಾಗಿ ಹೊಸ ಆಂಪೂಲಿನ 1 ಮಿ.ಲೀ.ಗೆ 9 ಮಿ.ಲೀ. ಸಲೈನ್ ಸೇರಿಸಿದೆವು. ಈಗ 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ. ಈ ಸಲ ಅವಳು ತನ್ನ ಉತ್ತರವನ್ನು ಬಾಯಿಬಿಟ್ಟು ಹೇಳಲಿಲ್ಲ. ಚಾರ್ಟು, ಆಂಪೂಲು, ಸಲೈನು ಎಲ್ಲ ನನ್ನ ಮುಂದಿಟ್ಟಳು. ಇಬ್ಬರೂ ಬೇರೆ ಬೇರೆ ಬರೆದು ಚೀಟಿ ಜೋಡಿಸಿದಾಗ ಎರಡರಲ್ಲೂ 0.8 ಮಿ.ಲೀ. ಮೊದಲು ಎಳೆದದ್ದೂ ಇದೇ ಗೆರೆಗೆ! ತುಂಬಿದ ಸಿರಿಂಜನ್ನಷ್ಟೇ ತೋರಿಸಿ "ಸರಿ ಇದೆಯಾ" ಎಂದು ಕೇಳಿದರೆ ಯಾರು ತಾನೇ ಗುರುತು ಹಿಡಿದಾರು? ಸಿರಿಂಜಿಗೆ ಔಷಧದ ಹೆಸರು, ಸಾಂದ್ರತೆ ಬರೆದು ಲೇಬಲ್ ಅಂಟಿಸಿ, ನಿಧಾನವಾಗಿ ಕೊಟ್ಟೆವು.

ಮಗು ನೆಮ್ಮದಿಯಾಗಿ ಮಲಗಿತು. ಉಸಿರು ಎಣಿಸುತ್ತ ಪಕ್ಕದಲ್ಲಿ ನಿಂತಿದ್ದಾಗ ಇನ್ನೊಂದು ಹೊಳೆಯಿತು. ಲೆಕ್ಕ ಎರಡು ಸಲ ಆಯಿತು, ನಿಜ. ಆದರೆ 8 ಕೆ.ಜಿ. ಅನ್ನುವುದನ್ನು ಇಬ್ಬರೂ ಓದಿದ್ದು ಒಂದೇ ಚಾರ್ಟಿನ ಒಂದೇ ಸಾಲಿನಿಂದ. ಅದೇ ತಪ್ಪಾಗಿದ್ದರೆ ನಮ್ಮಿಬ್ಬರ ಚೀಟಿಗಳೂ ಒಂದೇ ತಪ್ಪನ್ನು ಹೇಳುತ್ತಿದ್ದವು. ಅಡ್ಮಿಷನ್ ದಿನದ ತೂಕದ ಪುಸ್ತಕ ಹುಡುಕಿ ನೋಡಿದೆ. 8 ಅಂತಲೇ ಇತ್ತು. ಆಗ ಕುರ್ಚಿಯಲ್ಲಿ ಕೂತೆ.