ಒಂದು ಅಂಕಣದಲ್ಲಿ ಮೂರು ಆಟ: ಎಲ್ಲ ಮಕ್ಕಳ ಕೈಗೂ ಚೆಂಡು ತಲುಪಿಸುವ ನಿಯಮಗಳು

ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಆರು ಮತ್ತು ಏಳನೇ ತರಗತಿಯ 28 ಮಕ್ಕಳಿಗೆ ಒಟ್ಟಿಗೆ ಹ್ಯಾಂಡ್‌ಬಾಲ್ ಕಲಿಸುತ್ತೇನೆ. ಪೂರ್ಣ ನಿಯಮದಂತೆ ಆಡಿಸಿದರೆ ಗೋಲ್ ಕೀಪರ್ ಸೇರಿ ತಂಡಕ್ಕೆ 7 ಜನ. 14 ಮಕ್ಕಳು ಆಡುತ್ತಾರೆ, ಉಳಿದ 14 ಮಕ್ಕಳು ಬೇವಿನ ಮರದ ಕೆಳಗೆ ಕುಳಿತಿರುತ್ತಾರೆ. ಆಡುವವರಲ್ಲೂ ಚೆಂಡು ಸುತ್ತುವುದು ಮೂರು ನಾಲ್ಕು ಜನರ ನಡುವೆ ಮಾತ್ರ. ಉಳಿದವರು ಆ ಕಡೆಯಿಂದ ಈ ಕಡೆಗೆ ಓಡುತ್ತಾರೆ, ಅಷ್ಟೇ.

ಮೊದಲು ಬದಲಾಯಿಸಿದ್ದು ಅಂಕಣವನ್ನು. ಹ್ಯಾಂಡ್‌ಬಾಲ್ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಇದನ್ನು ಅಡ್ಡಲಾಗಿ ಸೀಳಿದರೆ 20 ಮೀಟರ್ ಉದ್ದ, 12 ಮೀಟರ್ ಅಗಲದ ಮೂರು ಪುಟ್ಟ ಅಂಕಣಗಳು ಸಿಗುತ್ತವೆ, ನಡುನಡುವೆ 2 ಮೀಟರ್ ಜಾಗವೂ ಉಳಿಯುತ್ತದೆ. ಎರಡರಲ್ಲಿ ನಾಲ್ವರು ಆಟಗಾರರು ಮತ್ತು ಒಬ್ಬ ಕೀಪರ್ ಇರುವ ತಂಡಗಳು, ಮೂರನೆಯದರಲ್ಲಿ ಮೂವರು ಮತ್ತು ಒಬ್ಬ ಕೀಪರ್. 28 ಮಕ್ಕಳೂ ಅಂಕಣದೊಳಗೆ ಬಂದರು. ಗೋಲಿಗೆ 2.4 ಮೀಟರ್ ಅಂತರದಲ್ಲಿ ಎರಡು ಬಿದಿರು ಗಳ, 1.6 ಮೀಟರ್ ಎತ್ತರದಲ್ಲಿ ಒಂದು ಹಗ್ಗ. ಕೀಪರ್ ವಲಯದ ಕಮಾನು ಗೆರೆಯನ್ನು ಬಿಟ್ಟು, ಗೋಲಿನಿಂದ 5 ಮೀಟರ್ ದೂರದಲ್ಲಿ ಸುಣ್ಣದ ಪುಡಿಯಿಂದ ನೇರ ಗೆರೆ ಎಳೆಯುತ್ತೇನೆ. ಇಷ್ಟು ಕಿರಿದಾದ ಅಂಕಣದಲ್ಲಿ ಕಮಾನು ಎಳೆದರೆ ಅದರ ತುದಿಗಳು ಪಕ್ಕದ ಗೆರೆಗೇ ತಾಗಿ ಗೊಂದಲವಾಗುತ್ತದೆ.

ಅಂಕಣ ಚಿಕ್ಕದಾದ ಮಾತ್ರಕ್ಕೆ ಚೆಂಡು ಎಲ್ಲರಿಗೂ ಸಿಕ್ಕಿಬಿಡುವುದಿಲ್ಲ. ಗಟ್ಟಿ ಹುಡುಗನೊಬ್ಬ ಕೀಪರ್‌ನಿಂದ ಚೆಂಡು ಪಡೆದು, ಡ್ರಿಬಲ್ ಮಾಡುತ್ತಾ ಹೋಗಿ ತಾನೇ ಗೋಲು ಹೊಡೆದು ಬರುತ್ತಾನೆ. ಆದ್ದರಿಂದ ಎರಡನೆಯ ಬದಲಾವಣೆ: ಡ್ರಿಬಲ್ ಇಲ್ಲ. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡಬಾರದು, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿರಬಾರದು ಎಂಬ ಮೂಲ ನಿಯಮಗಳು ಹಾಗೆಯೇ ಇರುತ್ತವೆ. ನಮ್ಮ ಎರೆ ಮಣ್ಣಿನ ಮೈದಾನಕ್ಕೂ ಡ್ರಿಬಲ್ ಇಲ್ಲದ ಆಟ ಒಪ್ಪುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ಪುಟಿಸಿದ ಚೆಂಡು ಎತ್ತ ಹೋಗುತ್ತದೆ ಎಂದು ಯಾರೂ ಹೇಳಲಾರರು.

ಡ್ರಿಬಲ್ ತೆಗೆದೊಡನೆ ಹೊಸ ತೊಡಕು ಎದುರಾಗುತ್ತದೆ. ಎದುರಾಳಿಗಳು ಒಬ್ಬೊಬ್ಬರು ಒಬ್ಬೊಬ್ಬರನ್ನು ಕಾದು ನಿಂತರೆ ಚೆಂಡು ಹಿಡಿದವನಿಗೆ ದಾರಿಯೇ ಇರುವುದಿಲ್ಲ. ಮೂರು ಸೆಕೆಂಡಿನ ಸೀಟಿ ಮತ್ತೆ ಮತ್ತೆ ಊದಬೇಕಾಗುತ್ತದೆ. ಅದಕ್ಕಾಗಿ ನಮ್ಮ ಕೈಗೆ ಚೆಂಡು ಬಂದಾಗ ಕೀಪರ್ ಕೂಡ ಮುಂದೆ ಬಂದು ಆಡಬೇಕೆಂದು ಹೇಳುತ್ತೇನೆ. ಆಗ ನಾಲ್ವರು ಕಾಯುವವರ ಎದುರು ಐವರು ಆಡುವವರು. ಯಾರಾದರೊಬ್ಬರು ಬಿಡುವಾಗಿ ಇದ್ದೇ ಇರುತ್ತಾರೆ. ಚೆಂಡು ಕಳೆದುಕೊಂಡರೆ ಕೀಪರ್ ಹಿಂದಕ್ಕೆ ಓಡಬೇಕು. ಅಷ್ಟರಲ್ಲಿ ತೋಳ್ಬಲದ ಮಕ್ಕಳು ತಮ್ಮ ಗೋಲಿನ ಬಳಿಯಿಂದಲೇ ಖಾಲಿ ಗೋಲಿಗೆ ಎಸೆಯುತ್ತಾರೆ. ಎದುರಾಳಿಯ ಅರ್ಧದೊಳಗಿನಿಂದ ಹೊಡೆದ ಗೋಲು ಮಾತ್ರ ಲೆಕ್ಕಕ್ಕೆ ಎಂದರೆ ಅದು ನಿಲ್ಲುತ್ತದೆ. ಪ್ರತಿ ಗೋಲಿನ ನಂತರ ಕೀಪರ್ ಸರದಿಯಂತೆ ಬದಲಾಗುತ್ತಾರೆ.

ಇನ್ನು ಬಹಳ ಶಿಕ್ಷಕರು ಮೊದಲು ಕೈಹಾಕುವ ನಿಯಮದ ಮಾತು: "ತಂಡದ ಎಲ್ಲರೂ ಚೆಂಡು ಮುಟ್ಟಿದ ಮೇಲೆಯೇ ಗೋಲಿಗೆ ಹೊಡೆಯಬೇಕು." ಎಲ್ಲರನ್ನೂ ಆಟದೊಳಗೆ ತರುವ ನೇರ ದಾರಿಯಂತೆ ಕಾಣುತ್ತದೆ. ಆದರೆ ಅಂಚಿನಲ್ಲಿ ನಿಂತು ಗಮನವಿಟ್ಟು ನೋಡಿದರೆ ಬೇರೆಯದೇ ನಡೆಯುತ್ತಿರುತ್ತದೆ. ಗಟ್ಟಿ ಆಟಗಾರ ಅಂಜುಬುರುಕ ಮಗುವಿನ ಬಳಿಗೇ ಓಡಿಹೋಗಿ ಚೆಂಡನ್ನು ಕೈಗಿಟ್ಟು, ಮರುಕ್ಷಣವೇ ವಾಪಸು ಕಸಿಯುತ್ತಾನೆ. ಲೆಕ್ಕದಲ್ಲಿ ಒಂದು ಸ್ಪರ್ಶ ಆಯಿತು, ಆಟದಲ್ಲಿ ಏನೂ ಆಗಲಿಲ್ಲ. ಇನ್ನೂ ಕೆಟ್ಟದ್ದು ಕೊನೆಗೆ ಉಳಿದ ಮಗುವಿನ ಪಾಡು. ಯಾರು ಇನ್ನೂ ಮುಟ್ಟಿಲ್ಲ ಎಂಬುದು ಎದುರಾಳಿಗಳಿಗೂ ಗೊತ್ತಿರುವುದರಿಂದ ಇಬ್ಬರು ಅವಳನ್ನೇ ಮುತ್ತಿಕೊಳ್ಳುತ್ತಾರೆ, ಅವಳ ತಂಡದವರು ಅವಳ ಮೇಲೆಯೇ ಕೂಗಾಡುತ್ತಾರೆ. ಯಾರನ್ನು ಒಳಗೆ ಕರೆಯಲು ನಿಯಮ ಮಾಡಿದೆವೋ ಅವಳೇ ತಂಡಕ್ಕೆ ತಡೆಯಾಗಿ ಕಾಣುತ್ತಾಳೆ. ಈ ನಿಯಮವನ್ನು ನಾನು ಪಾಸ್ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ, ಗೋಲಿರುವ ಆಟಕ್ಕೆ ತರುವುದಿಲ್ಲ.

ಇದರ ಬದಲಿಗೆ ಅಂಕ ಎಣಿಸುವ ಕ್ರಮವನ್ನು ಬದಲಾಯಿಸುವುದು ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೊಡೆಯಬಹುದು. ಆಟ ಮುಗಿದಾಗ ತಂಡದ ಒಟ್ಟು ಗೋಲುಗಳನ್ನು, ಗೋಲು ಹೊಡೆದ ಮಕ್ಕಳ ಸಂಖ್ಯೆಯಿಂದ ಗುಣಿಸುತ್ತೇವೆ.

ಒಂದು ಆಟವನ್ನೇ ತೆಗೆದುಕೊಳ್ಳಿ. ಒಂದು ತಂಡಕ್ಕೆ 6 ಗೋಲು, ಹೊಡೆದವರು ಇಬ್ಬರೇ ಹುಡುಗರು: 12 ಅಂಕ. ಇನ್ನೊಂದು ತಂಡಕ್ಕೆ 4 ಗೋಲು, ಹೊಡೆದವರು ನಾಲ್ವರು: 16 ಅಂಕ. ಮೊದಲ ತಂಡದವರು ಅಂಕಣದಲ್ಲೇ ಲೆಕ್ಕ ಹಾಕತೊಡಗಿದರು. ಅದೇ ಹುಡುಗರಲ್ಲೊಬ್ಬ ಇನ್ನೊಂದು ಗೋಲು ಹೊಡೆದರೆ ಏಳೆರಡಲೆ 14, ಆಗಲೂ ಸೋಲು. ಹೊಸಬರೊಬ್ಬರು ಹೊಡೆದರೆ ಏಳ್ಮೂರಲೆ 21. ತಂಡದ ಗಟ್ಟಿ ಹುಡುಗ ಗೋಲಿನತ್ತ ನುಗ್ಗಿ ಇಬ್ಬರನ್ನು ತನ್ನತ್ತ ಸೆಳೆದುಕೊಂಡು, ಬಲಮೂಲೆಯಲ್ಲಿ ಬಿಡುವಾಗಿ ನಿಂತಿದ್ದ ಹುಡುಗಿಗೆ ಪಾಸ್ ಕೊಟ್ಟ. ಅವಳು 5 ಮೀಟರ್ ಗೆರೆಯ ಅಂಚಿನಿಂದ ಎಸೆದು ಗೋಲು ಮಾಡಿದಳು. ಮುಂದಿನ ದಾಳಿಯಲ್ಲಿ ಎದುರಾಳಿಗಳು ಅವಳನ್ನೂ ಕಾಯಬೇಕಾಯಿತು; ಆ ಹುಡುಗನಿಗೆ ಮೊದಲಿಗಿಂತ ಹೆಚ್ಚು ಜಾಗ ಸಿಕ್ಕಿತು. ಅವಳಿಗೆ ಚೆಂಡು ಕೊಡುವುದರಿಂದ ತನಗೂ ಅನುಕೂಲ ಎಂದು ಅವನು ಆಟದೊಳಗೇ ಕಂಡುಕೊಂಡ, ನಾನು ಹೇಳಬೇಕಾಗಲಿಲ್ಲ.

ಈ ಗುಣಾಕಾರಕ್ಕೂ ಮಿತಿಯಿದೆ. ಕೆಲವೊಮ್ಮೆ ಗೋಲಿನ ಎದುರು ಪೂರ್ತಿ ಬಿಡುವಾಗಿರುವ ಹುಡುಗ ಹೊಡೆಯದೆ, ಹೊಸಬರಿಗಾಗಿ ಚೆಂಡು ಹಿಡಿದು ಕಾಯುತ್ತಾನೆ. ಮೂರು ಸೆಕೆಂಡಿನ ಸೀಟಿಗಳು ಏರತೊಡಗಿದರೆ ಅದೇ ಕಾರಣ ಎಂದು ತಿಳಿಯಬೇಕು. ಆಗ ಮುಂದಿನ ಆಟವನ್ನು ಮಾಮೂಲಿ ಅಂಕಗಳಲ್ಲಿ ಆಡಿಸುತ್ತೇನೆ. ಇನ್ನೊಂದು ಗುರುತು, ಮಗು ಗೋಲನ್ನು ನೋಡದೆ ಒತ್ತಾಯಕ್ಕೆಂಬಂತೆ ಚೆಂಡು ಬಿಸಾಡುವುದು. ಅಂಥ ಎಸೆತಗಳು ಹೆಚ್ಚಿದರೆ ಗೆರೆಯನ್ನು 4 ಮೀಟರ್‌ಗೆ ತರುತ್ತೇನೆ, ಎಲ್ಲರಿಗೂ. ಹಿಂದುಳಿದವರಿಗಷ್ಟೇ ಹತ್ತಿರದ ಗೆರೆ ಎಳೆದರೆ ಇಡೀ ತರಗತಿಯ ಎದುರು ಅವರಿಗೆ ಹಣೆಪಟ್ಟಿ ಕಟ್ಟಿದಂತೆ, ಅದು ನನ್ನಿಂದಾಗದು. ತೀರಾ ಹೊಸಬರ ತಂಡಗಳಲ್ಲಿ ಗೋಲಿಗೆ ಮುಂಚಿನ ಪಾಸ್ ಕೊಟ್ಟವರನ್ನೂ ಗುಣಿಸುವ ಸಂಖ್ಯೆಗೆ ಸೇರಿಸುವುದುಂಟು.

ನಿಯಮ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮೈ ಹುಷಾರಿಲ್ಲದೆ ಹೊರಗೆ ಕುಳಿತ ಮಗುವಿಗೆ ನೋಟ್‌ಬುಕ್ ಕೊಡುತ್ತೇನೆ. ಚೆಂಡು ಹಿಡಿದರೆ ಒಂದು ಗೀಟು. ಹಿಡಿದ ಮೇಲೆ ಮುಂದಕ್ಕೆ ಪಾಸ್ ಕೊಟ್ಟರೆ ಅಥವಾ ಗೋಲಿಗೆ ಹೊಡೆದರೆ ಆ ಗೀಟಿನ ಸುತ್ತ ಒಂದು ಸೊನ್ನೆ. ನಾನು ನೋಡುವುದು ಅತಿ ಕಡಿಮೆ ಗೀಟುಗಳಿರುವ ಹೆಸರನ್ನು, ಆಮೇಲೆ ಸೊನ್ನೆ ಬೀಳದ ಗೀಟುಗಳನ್ನು. ಗೀಟುಗಳು ಬಹಳವಿದ್ದು ಸೊನ್ನೆಗಳಿಲ್ಲದಿದ್ದರೆ ಚೆಂಡು ಆ ಮಗುವಿನ ಕೈಗೆ ಬರೀ ಬಂದು ಹೋಗುತ್ತಿದೆ ಎಂದರ್ಥ. ಗೀಟುಗಳೇ ಇಲ್ಲದಿದ್ದರೆ ಹಲವು ಸಲ ಕಾರಣ ಚೆಂಡಿನಲ್ಲೇ ಇರುತ್ತದೆ. ಈ ವಯಸ್ಸಿಗೆ ಹೇಳಿದ ಅಳತೆ 1ರ ಚೆಂಡಿನ ಸುತ್ತಳತೆ 50ರಿಂದ 52 ಸೆಂಟಿಮೀಟರ್. ಅಷ್ಟೂ ಹಿಡಿತಕ್ಕೆ ಬಾರದ ಪುಟ್ಟ ಕೈಗಳಿರುತ್ತವೆ. ಆ ಅಂಕಣಕ್ಕೆ 46ರಿಂದ 48 ಸೆಂಟಿಮೀಟರಿನ ಮೆತ್ತನೆಯ ಚೆಂಡನ್ನು ಕೊಡುತ್ತೇನೆ.

ಸ್ಪರ್ಧೆಗೆ ಹೋಗುವ ತಂಡ ಪೂರ್ಣ ನಿಯಮದಲ್ಲೇ ಆಡಬೇಕಾದ್ದರಿಂದ ಡ್ರಿಬಲ್ ಮರಳಿ ಬರಲೇಬೇಕು. ಮೊದಲು ಒಂದೇ ಪುಟಿತ, ಅದೂ ಎದುರಾಳಿಯ ಅರ್ಧದಲ್ಲಿ ಮಾತ್ರ. ನೋಟ್‌ಬುಕ್ಕಿನಲ್ಲಿ ಅತಿ ಕಡಿಮೆ ಗೀಟುಗಳಿರುವ ಮಗುವಿನ ಸಂಖ್ಯೆ ಮತ್ತೆ ಇಳಿಯದಿದ್ದರೆ ಎರಡು ಪುಟಿತ, ಆಮೇಲೆ ಪೂರ್ತಿ. ಇಳಿದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಆಡಿಸುತ್ತೇನೆ.